22 ಡಿಗ್ರಿಯಲ್ಲಿ ಸಿಗದ ಹಿತ

ಮೈಗೆ ಹಿತವಾದ ಕೋಣೆ ಎಂದರೆ ಏನು ಎಂಬುದನ್ನು ಲೆಕ್ಕಕ್ಕೆ ಇಳಿಸಿದವರು ಡೆನ್ಮಾರ್ಕಿನ ಒಬ್ಬ ವಿಜ್ಞಾನಿ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಓಲೆ ಫಾಂಗರ್ ನೂರಾರು ಜನರನ್ನು ಪ್ರಯೋಗದ ಕೋಣೆಗಳಲ್ಲಿ ಕೂರಿಸಿ ಚಳಿಯೋ ಸೆಕೆಯೋ ಎಂದು ಕೇಳಿದ ಅಧ್ಯಯನಗಳ ಆಧಾರದ ಮೇಲೆ ಒಂದು ಸಮೀಕರಣ ಕಟ್ಟಿದರು. ಅದು 1970ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೆ ಬೇಕಾದ ಮಾಹಿತಿ ಆರೇ ಆರು: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ ಕಿಟಕಿಗಳು ಸೂಸುವ ಶಾಖ, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆಯ ದಪ್ಪ, ದೇಹ ಮಾಡುತ್ತಿರುವ ಕೆಲಸ. ಉತ್ತರ ಮೈನಸ್ 3ರಿಂದ ಪ್ಲಸ್ 3ರ ನಡುವಿನ ಒಂದು ಸಂಖ್ಯೆ. ಮೈನಸ್ 3 ಎಂದರೆ ಚಳಿ, ಪ್ಲಸ್ 3 ಎಂದರೆ ಸೆಕೆ, ಸೊನ್ನೆ ಎಂದರೆ ಎರಡೂ ಅಲ್ಲ. ಚಳಿಗಾಲದ ಬಟ್ಟೆ ತೊಟ್ಟು ಮೇಜಿನ ಮುಂದೆ ಕೂತವರಿಗೆ ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೊನ್ನೆ ಸಿಗುತ್ತದೆ. ಇಂದು ಕಚೇರಿ ಕಟ್ಟಡಗಳಿಗೆ ಹವಾನಿಯಂತ್ರಣ ಯೋಜಿಸುವವರು ನೋಡುವ ಅಂತರರಾಷ್ಟ್ರೀಯ ಮಾನದಂಡ ಇದೇ ಸಮೀಕರಣದ ಮೇಲೆ ನಿಂತಿದೆ. ಎಲ್ಲ ಸರಿಹೊಂದಿ ಸೊನ್ನೆ ಬಂದಾಗಲೂ ನೂರರಲ್ಲಿ ಐದು ಜನ ಗೊಣಗುತ್ತಾರೆ ಎಂಬುದನ್ನೂ ಫಾಂಗರ್ ಮುಚ್ಚಿಡಲಿಲ್ಲ.

ಫಾಂಗರ್ ಅವರ ದೇಶದವರೇ ಲೋಕಕ್ಕೆ ಪರಿಚಯಿಸಿದ ‘ಹ್ಯುಗೆ’ ಎಂಬ ಮಾತು ಈ ಆರರಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ. 2016ರ ಸುಮಾರಿಗೆ ಇಂಗ್ಲಿಷ್ ಪುಸ್ತಕಗಳ ಮೂಲಕ ಹಬ್ಬಿದಾಗ ಅದರ ಜೊತೆಗೆ ಉಣ್ಣೆಯ ಕಾಲುಚೀಲ, ಹೊದಿಕೆ, ಮೇಣದಬತ್ತಿಗಳೂ ಮಾರಾಟವಾದವು. ಹಾಗಾಗಿ ಹ್ಯುಗೆ ಎಂದರೆ ಬೆಚ್ಚಗಿರುವುದು ಎಂಬ ಅಭಿಪ್ರಾಯ ಬೇರೂರಿತು. ಇದನ್ನು ಪರೀಕ್ಷಿಸುವುದು ಸುಲಭ. ಸಮುದ್ರ ತೀರದ ಬೇಸಿಗೆ ಮನೆಯೊಂದರ ಅಂಗಳ, ಸೆಪ್ಟೆಂಬರ್ ಸಂಜೆ, 14 ಡಿಗ್ರಿ ಎಂದಿಟ್ಟುಕೊಳ್ಳೋಣ. ನಾಲ್ವರು ಹಳೆಯ ಗೆಳೆಯರು ಒಳಗೆ ತೊಡುವ ಬಟ್ಟೆಯಲ್ಲೇ ಮರದ ಬೆಂಚಿನ ಮೇಲೆ ಕೂತಿದ್ದಾರೆ. ಫಾಂಗರ್ ಲೆಕ್ಕ ಇವರಿಗೆ ಸುಮಾರು ಮೈನಸ್ 2 ಕೊಡುತ್ತದೆ. ಅಂದರೆ ಇವರಲ್ಲಿ ಹೆಚ್ಚಿನವರು ಒಳಗೆ ಹೋಗೋಣ ಅನ್ನಬೇಕು. ಆದರೆ ಡೇನರು ತಡರಾತ್ರಿಯವರೆಗೆ ಕೂತು, ಎದ್ದು ಹೋಗುವಾಗ ‘ತುಂಬ ಹ್ಯುಗೆಯಾಯಿತು’ ಅನ್ನುವುದು ಇಂಥ ಕೂಟಕ್ಕೇ. ಇನ್ನು ಅದೇ ಮನೆಯ ಒಳಕೋಣೆಯಲ್ಲಿ ಸರಿಯಾಗಿ 22 ಡಿಗ್ರಿ, ಮೆತ್ತನೆಯ ಸೋಫಾ, ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಇಬ್ಬರು ಒಡಹುಟ್ಟಿದವರು. ಸಮೀಕರಣದ ಪ್ರಕಾರ ಅಲ್ಲಿ ಯಾವ ಕೊರತೆಯೂ ಇಲ್ಲ. ಹ್ಯುಗೆ ಮಾತ್ರ ಎಳ್ಳಷ್ಟೂ ಇಲ್ಲ.

ಹ್ಯುಗೆಯ ಗುರುತೇ ಆಗಿಹೋಗಿರುವ ಮೇಣದಬತ್ತಿಯೂ ಇದೇ ಸಾಕ್ಷಿ ನುಡಿಯುತ್ತದೆ. ಒಂದು ಮೀಟರ್ ದೂರದಲ್ಲಿ ಒಂದು ಬತ್ತಿಯ ಬೆಳಕು ಸುಮಾರು 1 ಲಕ್ಸ್. ಓದು ಬರಹದ ಮೇಜಿಗೆ ಶಿಫಾರಸಾಗಿರುವುದು 500. ಉಸಿರಾಡುವ ಗಾಳಿಗೆ ಅದು ಇನ್ನೂ ಕೆಟ್ಟದ್ದು. ಕೋಪನ್‌ಹೇಗನ್ನಿನ 56 ಮನೆಗಳಲ್ಲಿ, ಬೀಡಿ ಸಿಗರೇಟು ಸೇದದವರ ಮನೆಗಳನ್ನೇ ಆರಿಸಿ, ಅತಿಸೂಕ್ಷ್ಮ ಕಣಗಳನ್ನು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮನೆಗಳಲ್ಲಿ ಬತ್ತಿ ಹಚ್ಚಿದ್ದರು. ಆ ಮನೆಗಳವರು ಮನೆಯೊಳಗೆ ಎದುರಿಸಿದ ಕಣಗಳಲ್ಲಿ ಸರಾಸರಿ ಸುಮಾರು ಶೇಕಡಾ 60ರಷ್ಟು ಬಂದದ್ದು ಬತ್ತಿಯಿಂದಲೇ. ಕಣ್ಣಿಗೂ ಶ್ವಾಸಕೋಶಕ್ಕೂ ಸೌಕರ್ಯ ಕೊಡದ ವಸ್ತುವನ್ನು ಒಂದು ದೇಶ ಇಷ್ಟು ಪ್ರೀತಿಯಿಂದ ಉರಿಸುತ್ತದೆಂದರೆ ಅದರಿಂದ ಸಿಗುವುದು ಬೇರೇನೋ ಇರಬೇಕು. ಸಣ್ಣ ಬೆಳಕು ಒಂದು ಸಣ್ಣ ವೃತ್ತ ಎಳೆಯುತ್ತದೆ. ಮುಖಗಳು ಅದರೊಳಗೆ, ಉಳಿದದ್ದೆಲ್ಲ ಹೊರಗೆ. ಡೆನ್ಮಾರ್ಕಿನ ಮಾನವಶಾಸ್ತ್ರಜ್ಞ ಯೆಪ್ಪೆ ಟ್ರೋಲೆ ಲಿನ್ನೆಟ್ 2011ರ ತಮ್ಮ ಲೇಖನದಲ್ಲಿ ಹ್ಯುಗೆಯ ಜೀವಾಳವನ್ನು ಕಂಡದ್ದು ಇಂಥ ಒಳಜಾಗದಲ್ಲಿ ಮತ್ತು ಆ ಜಾಗದಲ್ಲಿ ಎಲ್ಲರೂ ಸಮ ಎಂಬ ಒಪ್ಪಂದದಲ್ಲಿ. ಅಲ್ಲಿ ಯಾರೂ ತಮ್ಮ ಸಂಬಳ, ಹುದ್ದೆ, ಹೊಸ ಕಾರನ್ನು ಮುಂದಿಡುವಂತಿಲ್ಲ. ವಾದಕ್ಕೆ ಬಿಸಿ ಏರುವಂತಿಲ್ಲ. ದುಬಾರಿ ಊಟದ ಟೇಬಲ್ಲಿಗಿಂತ ಕಾಫಿ ಮತ್ತು ಬನ್ನು ಹ್ಯುಗೆಗೆ ಒಗ್ಗುವುದು ಇದಕ್ಕೇ. ಡೇನಿಶ್ ಭಾಷೆಯೂ ಇದನ್ನೇ ಹೇಳುತ್ತದೆ. ‘ಉಹ್ಯುಗೆಲಿ’ ಎಂಬ ವಿರುದ್ಧ ಪದವನ್ನು ಚುಚ್ಚುವ ಕುರ್ಚಿಗೋ ತಣ್ಣನೆಯ ಕೋಣೆಗೋ ಬಳಸುವುದಿಲ್ಲ. ಕತ್ತಲ ಓಣಿಗೆ, ಭೂತದ ಸಿನಿಮಾಕ್ಕೆ, ಮೈ ಜುಮ್ಮೆನಿಸುವ ಮನುಷ್ಯನಿಗೆ ಬಳಸುತ್ತಾರೆ. ಹ್ಯುಗೆ ಇಲ್ಲವಾದಾಗ ಉಳಿಯುವುದು ಅಸೌಕರ್ಯವಲ್ಲ, ಅಂಜಿಕೆ.

ಡಚ್ಚರ ‘ಖೆಜೆಲಿಖ್’ ಇದರ ಅವಳಿ ಎಂದು ಬರೆಯುವವರಿದ್ದಾರೆ. ಮೈಸುಖಕ್ಕಿಂತ ಬೇರೆ ಎಂಬಷ್ಟಕ್ಕೆ ಅದು ನಿಜ, ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಈ ಪದದ ಬೇರು ಜೊತೆಗಾರ ಎಂಬ ಅರ್ಥದ ‘ಖೆಜೆಲ್’, ಅದರ ಹಿಂದೆ ಒಂದೇ ಹಜಾರ ಹಂಚಿಕೊಂಡವರು ಎಂಬ ಇನ್ನೂ ಹಳೆಯ ಅರ್ಥವಿದೆ. ಪದದ ಹುಟ್ಟು ಇಂದಿನ ಅರ್ಥವನ್ನು ತೀರ್ಮಾನಿಸುವುದಿಲ್ಲ, ನಿಜ. ಆದರೆ ಇಂದಿನ ಬಳಕೆಯೂ ಅದೇ ದಿಕ್ಕಿಗಿದೆ. ಶನಿವಾರದ ಸಂತೆಯಲ್ಲಿ ಜನ ಕಿಕ್ಕಿರಿದಿದ್ದರೆ ಡಚ್ಚರು ‘ಖೆಜೆಲಿಖ್ ಆಗಿ ಗಿಜಿಗುಡುತ್ತಿದೆ’ ಅನ್ನುತ್ತಾರೆ. ಡೇನರು ಆ ಜನಸಂದಣಿಯಲ್ಲಿ ತಮ್ಮವರ ಪುಟ್ಟ ಮೂಲೆ ಹುಡುಕಿಯಾರು. ಆಮ್‌ಸ್ಟರ್‌ಡಾಮಿನ ‘ಕಂದು ಕೆಫೆ’ಗಳು ಹೊಗೆ ಹಿಡಿದು ಕಪ್ಪಾದ ಮರದ ಗೋಡೆಯ, ಇಕ್ಕಟ್ಟಾದ, ಗದ್ದಲದ ಹಳೆಯ ಪಾನಗೃಹಗಳು, ಮೊಣಕೈ ತಾಗುವ ಅಪರಿಚಿತನೂ ಅಲ್ಲಿನ ಖೆಜೆಲಿಖ್‌ನ ಭಾಗ. ಹುಟ್ಟುಹಬ್ಬದ ಕೂಟ ಇನ್ನೂ ಸ್ಪಷ್ಟ ಉದಾಹರಣೆ. ಊಟದ ಮನೆಯಿಂದ, ಮಹಡಿಯಿಂದ ತಂದ ಬಗೆಬಗೆಯ ಕುರ್ಚಿಗಳನ್ನು ವೃತ್ತಾಕಾರವಾಗಿ ಇಡುತ್ತಾರೆ. ಒಳಬಂದವರು ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ತಾಯಿಗೆ, ಗಂಡನಿಗೆ, ಅಕ್ಕನಿಗೆ, ಹೀಗೆ ಸುತ್ತಲೂ ಕೈಕುಲುಕಿ ಅಭಿನಂದನೆ ಹೇಳುತ್ತಾ ಹೋಗಬೇಕು. ಆಮೇಲೆ ಕಾಫಿ, ಒಂದು ತುಂಡು ಕೇಕು, ತೊಡೆಯ ಮೇಲೆ ತಟ್ಟೆ. ದೇಹದ ದೃಷ್ಟಿಯಿಂದ ಇದರಲ್ಲಿ ಸುಖಪಡುವಂಥದ್ದು ಕಡಿಮೆ, ಖೆಜೆಲಿಖ್ ಮಾತ್ರ ಬೇಕಾದಷ್ಟು. ಇದರ ವಿರುದ್ಧ ಪದದಲ್ಲಿ ಅಂಜಿಕೆಯ ಸುಳಿವೂ ಇಲ್ಲ. ಬೇಗ ಎದ್ದು ಹೊರಟ ಅತಿಥಿಗೆ, ಊಟದ ನಡುವೆ ಫೋನು ನೋಡುವವರಿಗೆ, ಬೋಳು ಗೋಡೆಯ ಕಾಯುವ ಕೋಣೆಗೆ ಅದು ಸಲ್ಲುತ್ತದೆ. ಜೊತೆ ಸಿಗಲಿಲ್ಲ ಎಂಬ ದೂರು ಅದು.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ: ಒಬ್ಬಂಟಿಯಾಗಿ ಪುಸ್ತಕ ಹಿಡಿದು ಸೋಫಾ ಮೇಲೆ ಮುದುಡಿದ ಡೇನರೂ ‘ಹ್ಯುಗೆ ಮಾಡುತ್ತಿದ್ದೇನೆ’ ಅನ್ನುತ್ತಾರೆ, ಯಾರೂ ಇಲ್ಲದ ಕೋಣೆಗೂ ಡಚ್ಚರು ‘ಖೆಜೆಲಿಖ್’ ಅನ್ನುತ್ತಾರೆ. ಮೊದಲನೆಯದನ್ನು ಒಪ್ಪಲೇಬೇಕು. ಹಾಗೆ ಒಪ್ಪಿದರೆ ಎರಡು ಪದಗಳ ನಡುವಿನ ಅಂತರ ಇನ್ನಷ್ಟು ತಿಳಿಯಾಗುತ್ತದೆ, ಏಕೆಂದರೆ ಹ್ಯುಗೆಗೆ ಬೇಕಾದ ಗಡಿಯನ್ನು ಒಬ್ಬರೇ ಇದ್ದಾಗಲೂ ಎಳೆಯಬಹುದು: ಕೆಲಸ, ಕರೆ, ನಾಳೆಯ ಚಿಂತೆ ಹೊರಗೆ. ಅದೇ ಸೋಫಾ ಮೇಲೆ ಕಚೇರಿಯ ಮೇಲ್ ನೋಡುತ್ತಾ ಕೂತರೆ ಬೆಚ್ಚಗಿರಬಹುದು, ಹ್ಯುಗೆ ಅನಿಸದು. ಖಾಲಿ ಕೋಣೆಯ ಮಾತು ಬೇರೆ. ಹತ್ತಿರ ಹತ್ತಿರ ಇಟ್ಟ ಕುರ್ಚಿಗಳು, ತಗ್ಗಿನ ದೀಪ, ಬಳಸಿ ಹಳೆಯದಾದ ಮೇಜು ಕಂಡಾಗ ಡಚ್ಚರು ಹೊಗಳುವುದು ಅಲ್ಲಿ ಕೂಡಬಹುದಾದ ಬಳಗವನ್ನು. ಜರ್ಮನ್, ನಾರ್ವೇಜಿಯನ್ ಭಾಷೆಗಳಲ್ಲೂ ಇಂಥ ಪದಗಳಿವೆಯಲ್ಲ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ಈ ಭಾವನೆ ಯಾರ ಸ್ವತ್ತೂ ಅಲ್ಲ, ಪ್ರತಿ ಪದ ಅದರ ಯಾವ ಮಗ್ಗುಲನ್ನು ಹಿಡಿಯುತ್ತದೆ ಎಂಬುದಷ್ಟೇ ಬೇರೆ.

ಮೈಸುಖ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಹ್ಯುಗೆ, ಖೆಜೆಲಿಖ್ ಎರಡಕ್ಕೂ ಬೆಲೆ ತೆರಬೇಕು. ಸಮಾನತೆ ಕಾಯುವ ಹ್ಯುಗೆ ಒಂದು ಬಗೆಯ ಪೊಲೀಸುಗಿರಿಯೂ ಹೌದು ಎಂದು ಲಿನ್ನೆಟ್ ತೋರಿಸಿದ್ದಾರೆ. ತೀರ ಶ್ರೀಮಂತರಿಗಾಗಲೀ ತೀರ ಬಡವರಿಗಾಗಲೀ ಹ್ಯುಗೆ ಮಾಡಲು ಬರುವುದಿಲ್ಲ ಎಂಬ ಮಧ್ಯಮ ವರ್ಗದ ತೀರ್ಪು ಅದರೊಳಗೆ ಅಡಗಿರುತ್ತದೆ. ವೃತ್ತ ಬಿಗಿಯಾದಷ್ಟೂ ಹೊಸಬರು ಒಳಗೆ ಬರುವುದು ಕಷ್ಟ. ಖೆಜೆಲಿಖ್‌ನಲ್ಲಿ ತೊಡಕು ತಿರುಗುಮುರುಗಾಗುತ್ತದೆ: ಒಳಗೆ ಕರೆಯಲು ಅಡ್ಡಿಯಿಲ್ಲ, ಹೊರಡಲು ಬಿಡುವುದಿಲ್ಲ. ಹತ್ತು ಗಂಟೆಗೆ ಕೋಟು ಎತ್ತಿಕೊಂಡವರಿಗೆ ‘ಈಗಲೇ?’ ಎಂಬ ಆಕ್ಷೇಪ ಎದುರಾಗುತ್ತದೆ. ಬೆಳಗ್ಗೆ ಕೆಲಸವಿದೆ ಅಂದರೂ ಇನ್ನೊಂದು ಲೋಟ ತುಂಬಿಸಿ ಕೊಡುತ್ತಾರೆ.