ಒಂದು ಚುಕ್ಕಿಗೆ 1,000 ರೂಪಾಯಿ

ತಿಂಗಳ ಕೊನೆ. ಸಣ್ಣ ಡಿಸೈನ್ ಸ್ಟುಡಿಯೊದ ಟೈಮ್‌ಶೀಟಿನಲ್ಲಿ ಒಬ್ಬರೇ ಗ್ರಾಹಕರು ‘ಬೇಕರಿ’, ‘ಬೇಕ್ರಿ’, ‘ಬಿ.ಕೆ.’ ಎಂದು ಮೂರು ಹೆಸರಲ್ಲಿದ್ದಾರೆ. ಮೂಲ ನಮೂದನ್ನು ಮುಟ್ಟದೆ, ಪಕ್ಕದ ಕಾಲಂಗಳಲ್ಲಿ ಒಂದೇ ಹೆಸರು, ಕೆಲಸದ ಬಗೆ, ಬಿಲ್‌ಗೆ ಸೇರುತ್ತದೆಯೇ ಎಂಬುದನ್ನು ತುಂಬಬೇಕು.

ನಿಜವಾದ ಮೋಸವಿರುವುದು ಚುಕ್ಕಿಯಲ್ಲಿ. ಲೋಗೊ ಕೆಲಸಕ್ಕೆ 1.30, 2.45, 0.50 ಎಂದು ಬರೆದಿದ್ದಾರೆ. ಹಾಗೇ ಕೂಡಿದರೆ 4.25, ಗಂಟೆಗೆ 1,200ರಂತೆ 5,100 ರೂಪಾಯಿ. ಆದರೆ ಬರೆದವರ ಲೆಕ್ಕ ಗಂಟೆ-ನಿಮಿಷದ್ದು: 5 ಗಂಟೆ 5 ನಿಮಿಷ, ಅಂದರೆ 6,100 ರೂಪಾಯಿ.

ಹಾಗಾಗಿ ಚುಕ್ಕಿಯ ಮುಂದಿನ ನಿಮಿಷಗಳನ್ನು 60ರಿಂದ ಭಾಗಿಸಿ, ಆಮೇಲೆ ಕೂಡಬೇಕು. ಎಲ್ಲೋ 1.75 ಕಂಡರೆ ಅದು ನಿಮಿಷವಲ್ಲ, ದಶಮಾಂಶ. ಆ ವ್ಯಕ್ತಿಯ ಉಳಿದ ನಮೂದುಗಳನ್ನೂ ಅವರನ್ನೇ ಕೇಳಿ ಖಚಿತಪಡಿಸಿಕೊಂಡು, ನಂತರ ಇನ್‌ವಾಯ್ಸ್ ಬರೆಯಿರಿ.