ಅಮ್ಮನ ಚೀಟಿ ಪುಸ್ತಕದಲ್ಲಿ ಇಲ್ಲದ ಕಾಲಂ

ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಯಾರಾದ್ರೂ ಒಬ್ಬರು ಚೀಟಿ ಹಾಕಿರ್ತಾರೆ. ನನ್ನ ಮೊದಲ ಸೆಮಿಸ್ಟರ್ ಫೀಸ್‌ಗೆ ದುಡ್ಡು ಬಂದಿದ್ದೂ ಚೀಟಿಯಿಂದಲೇ. ಆದ್ರೆ ಅದರ ಲೆಕ್ಕ ಹೇಗೆ ನಡೆಯುತ್ತೆ ಅಂತ ನನಗೆ ಗೊತ್ತಾಗಿದ್ದು ಕಳೆದ ರಜೆಯಲ್ಲಿ, ಅಮ್ಮ ನಡೆಸೋ ಚೀಟಿಯಲ್ಲಿ ಒಬ್ಬರು ದುಡ್ಡು ಕಟ್ಟೋದು ನಿಲ್ಲಿಸಿದಾಗ.

ಅಮ್ಮನ ಚೀಟಿ ಹೀಗಿತ್ತು. 10 ಜನ, 10 ತಿಂಗಳು, ಒಬ್ಬೊಬ್ಬರದ್ದು ತಿಂಗಳಿಗೆ 5,000 ರೂಪಾಯಿ. ಅಂದ್ರೆ ಪ್ರತಿ ತಿಂಗಳು 50,000 ರೂಪಾಯಿ ಚೀಟಿ. ಮೊದಲ ತಿಂಗಳಿನದ್ದು ನಡೆಸುವವರಿಗೆ, ಹರಾಜಿಲ್ಲದೆ ಪೂರ್ತಿ ಹಣ. ಅವರ ಕೆಲಸಕ್ಕೆ ಅದೇ ಕೂಲಿ, ಬೇರೆ ಕಮಿಷನ್ ಇಲ್ಲ. ಎರಡನೇ ತಿಂಗಳಿಂದ ಕೂಗು. ದುಡ್ಡು ಬೇಕಾದವರು "ನಾನು ಇಷ್ಟು ಬಿಡ್ತೀನಿ" ಅಂತ ಕೂಗ್ತಾರೆ. ಯಾರು ಜಾಸ್ತಿ ಬಿಡ್ತಾರೋ ಅವರಿಗೆ ಚೀಟಿ.

ಎರಡನೇ ತಿಂಗಳು ಒಬ್ಬರು 12,000 ಬಿಟ್ಟರು. ಅವರ ಕೈಗೆ ಬಂದಿದ್ದು 38,000. ಬಿಟ್ಟ 12,000 ಹತ್ತೂ ಜನಕ್ಕೆ ಹಂಚಿದ್ರೆ ತಲಾ 1,200. ಹಾಗಾಗಿ ಆ ತಿಂಗಳು ಎಲ್ಲರೂ 5,000 ಬದಲು 3,800 ಮಾತ್ರ ಕಟ್ಟಿದ್ರು. ತಿಂಗಳು ಕಳೆದ ಹಾಗೆ ಅವಸರದವರು ಕಡಿಮೆ ಆಗ್ತಾರೆ, ಬಿಡೋ ಹಣವೂ ಇಳಿಯುತ್ತೆ. ನಮ್ಮ ಚೀಟಿಯಲ್ಲಿ ಮೂರನೇ ತಿಂಗಳು 10,000 ಇದ್ದದ್ದು ಒಂಬತ್ತನೇ ತಿಂಗಳಿಗೆ 2,000 ಆಯ್ತು. ಹತ್ತನೇ ತಿಂಗಳು ಉಳಿದಿದ್ದು ಒಬ್ಬರೇ, ಅವರಿಗೆ ಪೂರ್ತಿ 50,000.

ಒಟ್ಟು ಲೆಕ್ಕ ಹಾಕಿದ್ರೆ ಒಬ್ಬೊಬ್ಬರು ಕಟ್ಟಬೇಕಾಗಿದ್ದು 44,500. ಕೊನೆಯವರಿಗೆ 5,500 ಲಾಭ. ಎರಡನೇ ತಿಂಗಳು ಎತ್ತಿದವರಿಗೆ 6,500 ಖರ್ಚು. ಕೇಳೋಕೆ ಕಡಿಮೆ ಅನ್ಸುತ್ತೆ. ಆದ್ರೆ ಅವರು ಸಾಲ ತೀರಿಸಿದ್ದು ತಿಂಗಳು ತಿಂಗಳು ಕಂತಿನಲ್ಲಿ. ಅದನ್ನ ಲೆಕ್ಕಕ್ಕೆ ತಗೊಂಡ್ರೆ ತಿಂಗಳಿಗೆ ನೂರಕ್ಕೆ ಸುಮಾರು 4.7 ರೂಪಾಯಿ ಬಡ್ಡಿ ಬೀಳುತ್ತೆ.

ಈಗ ತೊಂದರೆಗೆ ಬರೋಣ. ಮೂರನೇ ತಿಂಗಳು ಚೀಟಿ ಎತ್ತಿದ ಆಂಟಿಯೊಬ್ಬರು ಆರನೇ ತಿಂಗಳು ದುಡ್ಡು ಕೊಡಲಿಲ್ಲ. ಅಮ್ಮನ ಪುಸ್ತಕದಲ್ಲಿ ಹತ್ತು ಹೆಸರು, ಹತ್ತು ತಿಂಗಳು, ಕಟ್ಟಿದವರಿಗೆ ಟಿಕ್. ಅವರ ಸಾಲಿನಲ್ಲಿ ಒಂದು ಟಿಕ್ ಇರಲಿಲ್ಲ. ಅದೇ ತಿಂಗಳು ಇನ್ನೂ ಚೀಟಿ ಎತ್ತದ ಇನ್ನೊಬ್ಬರೂ ಒಂದು ವಾರ ತಡ ಮಾಡಿದ್ರು. ಪುಸ್ತಕದಲ್ಲಿ ಎರಡೂ ಒಂದೇ ಥರ ಖಾಲಿ ಚೌಕ!

ಆದ್ರೆ ಎರಡೂ ಒಂದೇ ಅಲ್ಲ. ಚೀಟಿ ಎತ್ತದವರ ಹಣ ನಮ್ಮ ಹತ್ರಾನೇ ಇದೆ. ಅವರು ಪೂರ್ತಿ ನಿಲ್ಲಿಸಿದ್ರೂ ಅವರಿಗೆ ಕೊಡಬೇಕಾದ್ದರಲ್ಲಿ ಹಿಡ್ಕೋಬಹುದು. ಆಂಟಿ ತಗೊಂಡಿದ್ದು 40,000, ಐದು ತಿಂಗಳಲ್ಲಿ ಕಟ್ಟಿದ್ದು 21,100. ಅವರದ್ದು ಹಿಡ್ಕೊಳ್ಳೋಕೆ ಏನೂ ಇಲ್ಲ. ಆ ತಿಂಗಳು ತಲಾ 4,400 ಬರಬೇಕಿತ್ತು, ಅಷ್ಟೂ ಕಡಿಮೆ ಬಿತ್ತು. ಅಮ್ಮ ಕೈಯಿಂದ ಹಾಕಿದ್ರು. ಕೊನೆವರೆಗೂ ಹಾಕ್ತಾ ಹೋದ್ರೆ 23,400. ನನ್ನ ಮುಂದಿನ ಫೀಸ್‌ಗೆ ಎತ್ತಿಟ್ಟಿದ್ದು ಅದೇ ದುಡ್ಡು.

ನಾನು ಪುಸ್ತಕವನ್ನ ಸ್ಪ್ರೆಡ್‌ಶೀಟ್‌ಗೆ ಹಾಕಿ ಒಂದು ಕಾಲಂ ಸೇರಿಸಿದೆ: "ಎತ್ತಿದ ಮೇಲೆ ಬರಬೇಕಾದ್ದು". ಎತ್ತದವರಿಗೆ ಅಲ್ಲಿ ಸೊನ್ನೆ. ಎತ್ತಿದವರಿಗೆ ಉಳಿದ ತಿಂಗಳು ಗುಣಿಸು 5,000. ಮುಂದೆ ಎಷ್ಟು ಬಿಡ್ತಾರೆ ಅಂತ ಮೊದಲೇ ಗೊತ್ತಿರಲ್ಲ, ಅದಕ್ಕೆ ಪೂರ್ತಿ ಕಂತೇ ಹಿಡಿಯೋದು. k ತಿಂಗಳು ಮುಗಿದಾಗ ಕಾಲಂನ ಮೊತ್ತ ಹೀಗೆ:

```
k * (10 - k) * 5000
```

k = 1 ಆದ್ರೆ 45,000. k = 9 ಆದ್ರೂ 45,000. k = 5 ಆದಾಗ 1,25,000, ಅದೇ ಅತಿ ಹೆಚ್ಚು. ಅಂದ್ರೆ ಚೀಟಿ ಅತಿ ಹೆಚ್ಚು ಅಪಾಯದಲ್ಲಿ ಇರೋದು ಶುರುವಿನಲ್ಲೂ ಅಲ್ಲ, ಕೊನೆಯಲ್ಲೂ ಅಲ್ಲ, ನಡುವೆ. ಅರ್ಧ ಜನ ಎತ್ತಿಕೊಂಡಿರ್ತಾರೆ, ಇನ್ನರ್ಧ ಜನ ಅವರನ್ನ ನಂಬಿ ಕೂತಿರ್ತಾರೆ. ನಮ್ಮ ಆಂಟಿ ನಿಲ್ಲಿಸಿದ್ದೂ ಸರಿಯಾಗಿ ಐದು ತಿಂಗಳು ಮುಗಿದ ಮೇಲೆ.

ಕಾನೂನಿನ ಪ್ರಕಾರ ಚೀಟಿ ನಡೆಸೋಕೆ 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ಮೊದಲು ಅನುಮತಿ ತಗೊಂಡು ನೋಂದಣಿ ಮಾಡಿಸಬೇಕು. ಅಂಥ ಚೀಟಿಯಲ್ಲಿ ನಡೆಸುವವರು ಭದ್ರತಾ ಠೇವಣಿ ಇಡಬೇಕು, ಎತ್ತುವವರು ಜಾಮೀನು ಕೊಡಬೇಕು. 2019ರ ತಿದ್ದುಪಡಿ ಆದ ಮೇಲೆ ನಡೆಸುವವರ ಕಮಿಷನ್ 7% ದಾಟೋ ಹಾಗಿಲ್ಲ. ಮನೆ ಚೀಟಿಗಳಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇರಲ್ಲ, ಮುಖ ನೋಡಿ ನಂಬೋದಷ್ಟೆ.

ಆಂಟಿ ಈಗ ತಿಂಗಳಿಗೆ 1,500ರ ಹಾಗೆ ತೀರಿಸ್ತಿದ್ದಾರೆ. ಅವರ ಮನೆಯವರ ಕೆಲಸ ಹೋಗಿತ್ತಂತೆ, ಹೇಳೋಕೆ ನಾಚಿಕೆ ಆಗಿ ಫೋನ್ ಎತ್ತಿರಲಿಲ್ಲ. ಅಮ್ಮ ಆ ಕಾಲಂ ನೋಡಿ, "ಇದು ಮೊದಲೇ ಇದ್ದಿದ್ರೆ ಅವಳಿಗೆ ದುಡ್ಡು ಕೊಡೋ ದಿನಾನೇ ಇನ್ನೊಬ್ಬರ ಕೈಲಿ ಸಹಿ ಹಾಕಿಸ್ಕೋತಿದ್ದೆ ಕಣೋ" ಅಂದ್ರು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಮನೆ ಚೀಟಿ ಪುಸ್ತಕ ತೆಗೆದು ನೋಡಿ. ಯಾರು ಎಷ್ಟು ಕಟ್ಟಿದ್ದಾರೆ ಅಂತ ಅದರಲ್ಲಿ ಇದ್ದೇ ಇರುತ್ತೆ. ಎತ್ತಿದವರು ಇನ್ನೆಷ್ಟು ಕಟ್ಟಬೇಕು ಅಂತ ಇದೆಯಾ?