ಗಂಜಿ ಕುಡಿದರೂ ಸಕ್ಕರೆ 340

ಮಳೆಗಾಲದಲ್ಲಿ ಫ್ಲೂ ಹಿಡಿದ 58 ವರ್ಷದ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಹುಕಾಲದ ಸಕ್ಕರೆ ಕಾಯಿಲೆ; ಬೆಳಿಗ್ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಜ್ವರ 102 ಡಿಗ್ರಿ. ಎರಡು ದಿನದಿಂದ ಬರೀ ಗಂಜಿ. "ಊಟಾನೇ ಸೇರ್ತಿಲ್ಲ, ಇವತ್ತು ಇಂಜೆಕ್ಷನ್ ಬೇಡ ಬಿಡಿ, ಸಕ್ಕರೆ ಇಳಿದುಬಿಟ್ಟೀತು" ಎನ್ನುತ್ತಾರೆ ಹೆಂಡತಿ. ಮರುದಿನ ಬೆಳಿಗ್ಗೆ ಗ್ಲುಕೋಮೀಟರ್‌ನಲ್ಲಿ 340!

ತಿನ್ನದೆ ಸಕ್ಕರೆ ಎಲ್ಲಿಂದ ಬಂತು? ಯಕೃತ್ತಿನಿಂದ. ಸೋಂಕು ತಗುಲಿದಾಗ ದೇಹ ಕಾರ್ಟಿಸಾಲ್, ಅಡ್ರಿನಾಲಿನ್, ಗ್ಲುಕಗಾನ್ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಅವು ಯಕೃತ್ತಿನಿಂದ ಗ್ಲುಕೋಸ್ ಹೊರಡಿಸುತ್ತವೆ, ಜೊತೆಗೆ ಇನ್ಸುಲಿನ್ನಿನ ಮಾತು ನಡೆಯದಂತೆಯೂ ಮಾಡುತ್ತವೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಇವರ ಗ್ರಂಥಿಗೆ ಆ ಶಕ್ತಿಯಿಲ್ಲ. ಅಗತ್ಯ ಹೆಚ್ಚಿದ್ದ ರಾತ್ರಿಯೇ ಇಂಜೆಕ್ಷನ್ ತಪ್ಪಿತು.

ಸಕ್ಕರೆ ಏರಿದರೆ ಮೂತ್ರ ಹೆಚ್ಚಾಗಿ ಮೈಯ ನೀರು ಹೋಗುತ್ತದೆ. ಜ್ವರದ ಬೆವರೂ ಸೇರಿ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ಸುಲಿನ್ ತೀರಾ ಕಡಿಮೆಯಾದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇದರ ಗುರುತು. ಆಗ ತಡಮಾಡದೆ ಆಸ್ಪತ್ರೆ ಸೇರಬೇಕು. ಇತ್ತ, ಏರಿದ ಸಕ್ಕರೆಯಲ್ಲಿ ಬಿಳಿ ರಕ್ತಕಣಗಳ ಕೆಲಸವೂ ಮಂದವಾಗುವುದರಿಂದ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಸಾಧ್ಯತೆ ಹೆಚ್ಚು.

ಹಾಗೆಂದು ಎಲ್ಲ ಔಷಧಿಗೂ ಒಂದೇ ನಿಯಮ ಸಲ್ಲದು. ರಾತ್ರಿಯ ಇನ್ಸುಲಿನ್ ಬಿಡಬಾರದು. ಪ್ರಮಾಣ ವೈದ್ಯರು ಹೇಳಲಿ. ಗ್ಲಿಮೆಪಿರೈಡ್ ಮಾತ್ರ ಊಟವಿಲ್ಲದಿದ್ದರೆ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲದು. ವಾಂತಿ-ಭೇದಿಯಾಗಿ ನೀರು ಕಳೆದುಕೊಂಡವರಿಗೆ ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯಂತೂ ಮೋಸದ್ದು: ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋನ್ ತುಂಬಿಕೊಳ್ಳಬಹುದು, ಆದ್ದರಿಂದ ಹುಷಾರು ತಪ್ಪಿದಾಗ ಅದನ್ನು ನಿಲ್ಲಿಸಲು ಹೇಳುತ್ತಾರೆ. ಈ ನಾಲ್ಕರ ವಿಚಾರವನ್ನು ಆರೋಗ್ಯವಾಗಿದ್ದಾಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ಜಾಣತನ. ಜ್ವರದ ದಿನಗಳಲ್ಲಿ ಸುಮಾರು 4 ಗಂಟೆಗೊಮ್ಮೆ ಸಕ್ಕರೆ ನೋಡಬೇಕು. ಫ್ಲೂ ವೈರಸ್‌ಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಲಸಿಕೆ ವರ್ಷಕ್ಕೊಮ್ಮೆ, ರಕ್ಷಣೆ ಮೂಡಲು ಸುಮಾರು 2 ವಾರ ಬೇಕಾದ್ದರಿಂದ ಮಳೆ ಹಿಡಿಯುವ ಮುಂಚೆ ಹಾಕಿಸುವುದು ಒಳ್ಳೆಯದು.

ಆಸ್ತಮಾ ಇದ್ದವರ ಕಥೆ ಬೇರೆ. ಮೊದಲೇ ಊದಿಕೊಂಡ ಶ್ವಾಸನಾಳಕ್ಕೆ ವೈರಸ್ ಇನ್ನಷ್ಟು ಉರಿ, ಕಫ ಸೇರಿಸುತ್ತದೆ. ಉಸಿರು ಸಲೀಸು ಮಾಡುವ ಇನ್‌ಹೇಲರ್‌ನ ಪರಿಣಾಮ 4 ಗಂಟೆಯೂ ನಿಲ್ಲದಿದ್ದರೆ ಅಪಾಯವೆಂದೇ ತಿಳಿಯಬೇಕು. ಎರಡೂ ಕಾಯಿಲೆ ಇದ್ದವರಿಗೆ ಒಂದು ಹೆಚ್ಚಿನ ತೊಡಕು: ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಸಕ್ಕರೆ ಏರಿಸುತ್ತದೆ. ಬೆಳಿಗ್ಗೆ ನುಂಗಿದರೆ ಏರಿಕೆ ಕಾಣುವುದು ಮಧ್ಯಾಹ್ನ, ಸಂಜೆ. ಖಾಲಿಹೊಟ್ಟೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ.